ಮೂರು ತೊಂಬತ್ತು, ನಾಲ್ಕು ಬಿಲ್ಲು: ಗಲ್ಲದ ಮೇಲಿನ ಕ್ಯೂಆರ್ ಲೆಕ್ಕ

ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಹೊತ್ತಿಗೆ ಮುಲುಂಡ್ ಪಶ್ಚಿಮದ ಯಾವುದಾದರೂ ಉಡುಪಿ ಹೋಟೆಲಿನ ಗಲ್ಲದ ಬಳಿ ಐದು ನಿಮಿಷ ನಿಂತರೆ ಸಾಕು, ಈ ಲೇಖನದ ಅರ್ಧ ವಿಷಯ ಕಿವಿಗೇ ಬೀಳುತ್ತದೆ. ಸೌಂಡ್‌ಬಾಕ್ಸ್ ಹಿಂದಿಯಲ್ಲಿ ‘ನಬ್ಬೇ ರುಪಯೇ ಪ್ರಾಪ್ತ್ ಹುಯೇ’ ಅನ್ನುತ್ತದೆ. ಅದು ಮುಗಿಯುವ ಮೊದಲೇ ಇನ್ನೊಂದು ನಬ್ಬೇ, ಅದರ ಬೆನ್ನಿಗೆ ಮತ್ತೊಂದು. ಗಲ್ಲದ ಎದುರು ತೊಂಬತ್ತು ರೂಪಾಯಿಯ ಬಿಲ್ಲು ಹಿಡಿದು ನಿಂತವರು ಮಾತ್ರ ನಾಲ್ವರು. ನಾಲ್ವರೂ ಫೋನ್ ಎತ್ತಿ ಹಸಿರು ಟಿಕ್ ತೋರಿಸುತ್ತಾ ಕೇಳುವುದು ಒಂದೇ ಮಾತು: “ಬಂತಾ ಶೆಟ್ರೇ?”

ಮೂರು ಬಂದಿದೆ, ಒಂದು ಬಂದಿಲ್ಲ. ಯಾರದ್ದು ಬಂದಿಲ್ಲ? ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡಿನಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಸ್ಟ್ಯಾಟಿಕ್ ಕೋಡ್ ಮತ್ತು ಡೈನಾಮಿಕ್ ಕೋಡ್ ನಡುವಿನ ವ್ಯತ್ಯಾಸವೆಲ್ಲ ಇಲ್ಲಿದೆ. ಉಳಿದದ್ದು ಕಾಗದ, ರೋಲು, ಬಾಡಿಗೆ, ಸಮಯಗಳ ಲೆಕ್ಕ. ಅದನ್ನೂ ಮಾಡೋಣ.

ಮೊದಲು ಕೋಡಿನ ಒಳಗೆ ಏನಿರುತ್ತದೆ ನೋಡಬೇಕು. ಕಪ್ಪು ಬಿಳಿ ಚೌಕಗಳ ಒಳಗೆ ಇರುವುದು ಒಂದು ಸಾಲು ಬರಹ, ಅಷ್ಟೇ. ಅಂಗಡಿಯ ಗೋಡೆಯ ಮೇಲಿನ ಸ್ಟ್ಯಾಟಿಕ್ ಕೋಡನ್ನು ಬಿಡಿಸಿದರೆ ಹೀಗೆ ಕಾಣುತ್ತದೆ (ಹೆಸರು ನಾನೇ ಇಟ್ಟದ್ದು):

```
upi://pay?pa=tindi@bank&pn=Tindi&mc=5812&cu=INR
```

`pa` ಅಂದರೆ ಹಣ ಹೋಗಬೇಕಾದ ಯುಪಿಐ ವಿಳಾಸ, `pn` ಹೆಸರು, `mc` ವ್ಯಾಪಾರದ ವರ್ಗ. 5812 ಅಂದರೆ ಊಟ ತಿಂಡಿಯ ಹೋಟೆಲು. ಕೊನೆಯದು ರೂಪಾಯಿ. ಎಷ್ಟು ರೂಪಾಯಿ ಎಂದು ಎಲ್ಲೂ ಇಲ್ಲ, ಯಾವ ಬಿಲ್ಲಿಗೆ ಎಂದೂ ಇಲ್ಲ. ಮನೆಯ ವಿಳಾಸ ಬರೆದ ಬೋರ್ಡಿನ ಹಾಗೆ ಅದು. ಯಾರು ಬೇಕಾದರೂ ಎಷ್ಟು ಬೇಕಾದರೂ ತಂದು ಹಾಕಬಹುದು.

ಈಗ ಒಂದು ಬಿಲ್ಲು ತೆಗೆದುಕೊಳ್ಳೋಣ. ಎರಡು ಮಸಾಲೆ ದೋಸೆ, ಒಂದಕ್ಕೆ ₹95ರಂತೆ ₹190. ಎರಡು ಕಾಫಿ ₹90. ಒಟ್ಟು ₹280, ಅದಕ್ಕೆ ಶೇಕಡಾ 5 ಜಿಎಸ್‌ಟಿ ₹14. ಕೊಡಬೇಕಾದ್ದು ₹294. ಆಗಸ್ಟ್ 17ರ 143ನೇ ಬಿಲ್ಲು ಅಂದುಕೊಳ್ಳಿ. ಬಿಲ್ಲಿಂಗ್ ಯಂತ್ರ ಈ ಬಿಲ್ಲಿಗಾಗಿಯೇ ಕೋಡ್ ತಯಾರಿಸಿದರೆ ಒಳಗಿನ ಸಾಲು ಹೀಗಾಗುತ್ತದೆ:

```
upi://pay?pa=tindi@bank&pn=Tindi&mc=5812&tr=B1708250143&am=294.00&cu=INR
```

ಹೊಸದಾಗಿ ಸೇರಿದ್ದು ಎರಡು. `am` ಮೊತ್ತ, `tr` ಬಿಲ್ಲಿನ ಗುರುತು. ಗಿರಾಕಿ ಸ್ಕ್ಯಾನ್ ಮಾಡಿದ ಕೂಡಲೇ ಅವನ ಫೋನಿನಲ್ಲಿ ₹294 ತಾನಾಗಿ ಮೂಡುತ್ತದೆ. ಪಿನ್ ಒತ್ತುವುದಷ್ಟೇ ಅವನ ಕೆಲಸ.

ಜನ ಸಾಮಾನ್ಯವಾಗಿ ಮೊತ್ತ ತಾನಾಗಿ ಬರುವುದನ್ನೇ ಡೈನಾಮಿಕ್ ಅನ್ನುತ್ತಾರೆ. ಅದು ಅರ್ಧ ಸತ್ಯ. ಮೊತ್ತ ತುಂಬಿದ ಕೋಡನ್ನು ಗೋಡೆಗೂ ಅಂಟಿಸಬಹುದು. ಸ್ಕೂಟರ್ ನಿಲ್ಲಿಸಲು ಎಲ್ಲರಿಗೂ ₹20 ಅನ್ನುವ ಕಡೆ `am=20.00` ಎಂದು ಒಮ್ಮೆ ಮುದ್ರಿಸಿದರೆ ವರ್ಷವಿಡೀ ನಡೆಯುತ್ತದೆ, ಆದರೂ ಅದು ಸ್ಟ್ಯಾಟಿಕ್ಕೇ. ನಿಜವಾದ ಬದಲಾವಣೆ ತರುವುದು `tr`. 143ನೇ ಬಿಲ್ಲಿಗೂ 144ನೇ ಬಿಲ್ಲಿಗೂ ಮೊತ್ತ ಒಂದೇ ಇರಬಹುದು, `tr` ಒಂದೇ ಇರಲಾರದು. ಮೇಲಿನ ನಾಲ್ಕು ತೊಂಬತ್ತುಗಳಿಗೆ ನಾಲ್ಕು ಬೇರೆ ಬೇರೆ ಗುರುತು ಇದ್ದಿದ್ದರೆ, ಬಾಕಿ ಉಳಿದ ಬಿಲ್ಲು ಯಾವುದೆಂದು ಪರದೆಯೇ ಹೇಳುತ್ತಿತ್ತು. ಕಮ್ಮಿ ಬಗೆಯ ತಿಂಡಿ, ಕಟ್ಟುನಿಟ್ಟಾದ ದರ, ವೇಗವಾಗಿ ತಿರುಗುವ ಟೇಬಲ್ಲು ಇರುವ ನಮ್ಮ ಹೋಟೆಲುಗಳಲ್ಲಿ ಒಂದೇ ಮೊತ್ತದ ಬಿಲ್ಲುಗಳು ಬಟ್ಟೆ ಅಂಗಡಿಗಿಂತ ಎಷ್ಟೋ ಹೆಚ್ಚು. ಹಾಗಾಗಿ ಈ ಗೋಳೂ ನಮಗೇ ಹೆಚ್ಚು.

ಚೌಕಗಳನ್ನು ಎಣಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೂ ಕಾಣುತ್ತದೆ. ಮೊದಲ ಸಾಲಿನಲ್ಲಿ 47 ಅಕ್ಷರಗಳಿವೆ. ಕೋಡಿನ ಸುಮಾರು ಶೇಕಡಾ 15ರಷ್ಟು ಹಾಳಾದರೂ ಓದಿಸಿಕೊಳ್ಳುವ ಮಧ್ಯಮ ಮಟ್ಟದ ಭದ್ರತೆ ಇಟ್ಟರೆ, ಅದಕ್ಕೆ 33 ಅಡ್ಡ, 33 ಉದ್ದದ ಚೌಕ ಸಾಕು. ಎರಡನೆಯದು 72 ಅಕ್ಷರ, 37 ಅಡ್ಡ 37 ಉದ್ದ ಬೇಕು. ಕೋಡನ್ನು ಯಾರೂ ತಿದ್ದಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿಯನ್ನೂ ಸೇರಿಸಿ, ಅದು 96 ಅಕ್ಷರದ್ದಾದರೆ, ಅದರ ಮುಂದಿನ `&sign=` ಸೇರಿ ಒಟ್ಟು 174 ಆಗಿ ಚೌಕ 53ಕ್ಕೆ 53ಕ್ಕೆ ಏರುತ್ತದೆ. ಒಳಗೆ ತುಂಬಿದಷ್ಟೂ ಚುಕ್ಕೆ ಸಣ್ಣದಾಗುತ್ತದೆ, ಇಲ್ಲವೇ ಕೋಡು ದೊಡ್ಡದಾಗುತ್ತದೆ.

ಇದು ಬರೀ ಕುತೂಹಲದ ಲೆಕ್ಕವಲ್ಲ. ಗೋಡೆಯ ಸ್ಟಿಕ್ಕರು ಎಂಟು ಸೆಂಟಿಮೀಟರ್ ಅಗಲವಿದ್ದರೆ ಪ್ರತಿ ಚುಕ್ಕೆಯೂ ಹತ್ತಿರ ಹತ್ತಿರ ಎರಡು ಮಿಲಿಮೀಟರ್. ಕಾಲು ಇಂಚು ಸಾಂಬಾರು ಮೆತ್ತಿದ್ದರೂ, ಹಿಂದೆ ನಿಂತವನ ಕೈ ನಡುಗಿದರೂ ಫೋನು ಓದುತ್ತದೆ. ಬಿಲ್ಲು ಮುದ್ರಿಸುವ ಥರ್ಮಲ್ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ ಎಂಟು ಬಿಂದು. ಒಂದು ಚುಕ್ಕೆಗೆ ನಾಲ್ಕು ಬಿಂದು ಕೊಟ್ಟರೆ ಅದು ಅರ್ಧ ಮಿಲಿಮೀಟರ್. ಸುತ್ತ ಬಿಡಬೇಕಾದ ಬಿಳಿ ಅಂಚೂ ಸೇರಿ ನಮ್ಮ 37ರ ಕೋಡು 22.5 ಮಿಲಿಮೀಟರ್ ಅಗಲ ಬರುತ್ತದೆ. ಸಹಿ ಇರುವ 53ರ ಕೋಡು 30.5 ಮಿಲಿಮೀಟರ್. ಪ್ರಿಂಟರಿನ ಹೆಡ್ಡು ಸವೆದು ಬಿಲ್ಲಿನ ಉದ್ದಕ್ಕೂ ಒಂದು ಬಿಳಿ ಗೆರೆ ಬೀಳಲು ಶುರುವಾದರೆ ಅಕ್ಷರಗಳನ್ನು ಮನುಷ್ಯ ಹೇಗೋ ಓದಿಕೊಳ್ಳುತ್ತಾನೆ, ಕೋಡನ್ನು ಫೋನು ಓದಲು ತಕರಾರು ಮಾಡುತ್ತದೆ. ‘ಸ್ಕ್ಯಾನ್ ಆಗ್ತಿಲ್ಲ’ ಎಂದು ಒಬ್ಬರಲ್ಲ, ಮೂವರು ಹೇಳಿದರೆ ನೆಟ್‌ವರ್ಕನ್ನು ಬೈಯುವ ಮೊದಲು ಆ ಬಿಳಿ ಗೆರೆ ಇದೆಯೇ ನೋಡಬೇಕು.

ಇನ್ನು ದುಡ್ಡಿನ ಲೆಕ್ಕ. ಇಲ್ಲಿಂದ ಮುಂದಿನ ಹೋಟೆಲು ನಾನು ಕಾಗದದ ಮೇಲೆ ಕಟ್ಟಿದ್ದು. ನಿಮ್ಮ ಅಂಗಡಿಯ ಸಂಖ್ಯೆ ಹಾಕಿ ಇದನ್ನೇ ಮತ್ತೆ ಮಾಡಿಕೊಳ್ಳಬಹುದು. ದಿನಕ್ಕೆ 400 ಬಿಲ್ಲು, ಸರಾಸರಿ ₹140. ಅದರಲ್ಲಿ 250 ಯುಪಿಐ, ಉಳಿದದ್ದು ನಗದು. ಅಂದರೆ ದಿನಕ್ಕೆ ಯುಪಿಐಯಲ್ಲಿ ₹35,000, ಮೂವತ್ತು ದಿನಕ್ಕೆ 7,500 ಬಿಲ್ಲಿನಿಂದ ಹತ್ತೂವರೆ ಲಕ್ಷ ರೂಪಾಯಿ.

ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ವ್ಯಾಪಾರಿಯಿಂದ ಎಂಡಿಆರ್ ಶುಲ್ಕ ತೆಗೆಯುವಂತಿಲ್ಲ. 2020ರ ಜನವರಿ 1ರಿಂದ ಅದು ಸೊನ್ನೆ. ಕೋಡು ಸ್ಟ್ಯಾಟಿಕ್ ಇರಲಿ, ಡೈನಾಮಿಕ್ ಇರಲಿ, ಈ ಸೊನ್ನೆ ಬದಲಾಗುವುದಿಲ್ಲ. ಸೌಂಡ್‌ಬಾಕ್ಸಿನ ಬಾಡಿಗೆ ಎರಡಕ್ಕೂ ಇರುವುದರಿಂದ ಅದನ್ನು ಲೆಕ್ಕದಿಂದ ಬಿಡೋಣ. ಸ್ಟ್ಯಾಟಿಕ್ ಕೋಡಿನ ಖರ್ಚು ಒಂದು ಸ್ಟಿಕ್ಕರು, ಅದು ಲೆಕ್ಕಕ್ಕಿಲ್ಲ.

ಡೈನಾಮಿಕ್ ಕೋಡನ್ನು ಬಿಲ್ಲಿನ ಮೇಲೆಯೇ ಮುದ್ರಿಸಿದರೆ ಕೋಡಿಗೆ 22.5 ಮಿಲಿಮೀಟರ್, ಮೇಲೆ ಕೆಳಗೆ ಒಂದೊಂದು ಸಾಲು ಬರಹ ಸೇರಿ ಪ್ರತಿ ಬಿಲ್ಲೂ ಮೂರು ಸೆಂಟಿಮೀಟರ್ ಉದ್ದವಾಗುತ್ತದೆ. ಇಲ್ಲಿ ಒಂದು ಸಣ್ಣ ತಮಾಷೆ ಇದೆ. ಬಿಲ್ಲು ಮುದ್ರಿಸುವಾಗ ಗಿರಾಕಿ ಹೇಗೆ ಕೊಡುತ್ತಾನೆಂದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ನಗದು ಕೊಡುವ 150 ಜನರ ಬಿಲ್ಲಿಗೂ ಕೋಡು ಬಿದ್ದೇ ಬೀಳುತ್ತದೆ. 400 ಬಿಲ್ಲಿಗೆ ದಿನಕ್ಕೆ 12 ಮೀಟರ್ ಹೆಚ್ಚುವರಿ ಕಾಗದ. 50 ಮೀಟರಿನ ರೋಲಿಗೆ ₹70 ಹಿಡಿದರೆ ಮೀಟರಿಗೆ ₹1.40. ದಿನಕ್ಕೆ ₹16.80, ತಿಂಗಳಿಗೆ ₹504. ಒಂದು ಬಿಲ್ಲಿಗೆ ನಾಲ್ಕು ಪೈಸೆ ಚಿಲ್ಲರೆ.

ಬಿಲ್ಲಿಂಗ್ ಸಾಫ್ಟ್‌ವೇರಿನವರು ಈ ಸೌಲಭ್ಯಕ್ಕೆ ತಿಂಗಳಿಗೆ ₹1,000 ಕೇಳಿದರು ಅಂದುಕೊಳ್ಳೋಣ. ಒಟ್ಟು ₹1,504. ಸರಾಸರಿ ಬಿಲ್ಲು ₹140 ಆದ್ದರಿಂದ ಇದು ಸುಮಾರು 11 ಬಿಲ್ಲಿನ ಹಣ. ತಿಂಗಳ 7,500 ಯುಪಿಐ ಬಿಲ್ಲುಗಳಲ್ಲಿ 11 ಬಿಲ್ಲು, ಅಂದರೆ ಏಳುನೂರಕ್ಕೆ ಒಂದು, ಹಣ ಬರದೆ ಕೈತಪ್ಪುತ್ತಿದ್ದರೆ ಡೈನಾಮಿಕ್ ಕೋಡು ತನ್ನ ಖರ್ಚನ್ನು ತಾನೇ ತೀರಿಸುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಮೂರು ದಿನಕ್ಕೊಂದು ಬಿಲ್ಲು ತಪ್ಪಿದರೂ ಸಾಕು. ಮೇಲೆ ಹೇಳಿದ ಭಾನುವಾರದ ಗದ್ದಲ ನೋಡಿದವರಿಗೆ ಇದು ದೊಡ್ಡ ಸಂಖ್ಯೆ ಅನ್ನಿಸಲಾರದು.

ಪೂರ್ತಿ ತಪ್ಪುವುದಲ್ಲದೆ ಅರೆಬರೆ ತಪ್ಪುವುದೂ ಇದೆ. ₹294ರ ಬದಲು ಗಿರಾಕಿ ₹249 ಒತ್ತುತ್ತಾನೆ. ಬೇಕೆಂದಲ್ಲ, ಬೆರಳು ತಪ್ಪಿ. ಸೌಂಡ್‌ಬಾಕ್ಸು ‘ದೋ ಸೌ ಉನ್ಚಾಸ್’ ಅನ್ನುವ ಹೊತ್ತಿಗೆ ಶೆಟ್ಟರು ಪಾರ್ಸೆಲ್ ಕಟ್ಟುವ ಹುಡುಗನಿಗೆ ಚಟ್ನಿ ಹಾಕಲು ಹೇಳುತ್ತಿರುತ್ತಾರೆ. ₹45 ಹೋಯಿತು. ಉಲ್ಟಾ ಆದರೆ, ಅಂದರೆ ಹೆಚ್ಚು ಬಂದರೆ, ಮರುದಿನ ಬಂದು ಕೇಳುವವನಿಗೆ ವಾಪಸು ಕೊಡಬೇಕು. ಕೊಡಲು ಯಾವ ಬಿಲ್ಲಿನದು ಎಂದು ಹುಡುಕಬೇಕು, ಹುಡುಕಲು ಗುರುತಿಲ್ಲ.

ರಾತ್ರಿಯ ತಾಳೆ ಇನ್ನೊಂದು ಖರ್ಚು. ಇದನ್ನು ಯಾರೂ ಖರ್ಚು ಎಂದು ಬರೆದಿಡುವುದಿಲ್ಲ. ಬಾಗಿಲು ಎಳೆದ ಮೇಲೆ ಮ್ಯಾನೇಜರು ಬಿಲ್ಲಿಂಗ್ ಯಂತ್ರದ ಯುಪಿಐ ಮೊತ್ತವನ್ನೂ ಬ್ಯಾಂಕಿಗೆ ಬಂದ ಮೊತ್ತವನ್ನೂ ಎದುರು ಬದುರು ಇಟ್ಟು ಕೂರುತ್ತಾರೆ. ₹230 ಕಡಿಮೆ ಬಂದರೆ ಅದು ಒಂದೇ ಬಿಲ್ಲೋ, ನಗದು ಕೊಟ್ಟದ್ದನ್ನು ಯುಪಿಐ ಎಂದು ಒತ್ತಿದ್ದೋ, ಎರಡು ಮೂರು ತಪ್ಪುಗಳ ಮೊತ್ತವೋ ಹೇಳಲಾಗದು. ದಿನಕ್ಕೆ ಅರ್ಧ ಗಂಟೆ ಹಿಡಿದರೂ ತಿಂಗಳಿಗೆ ಹದಿನೈದು ಗಂಟೆ. ಗಂಟೆಗೆ ₹100 ಬೆಲೆ ಕಟ್ಟಿದರೆ ₹1,500. ಡೈನಾಮಿಕ್ ಕೋಡಿನ ತಿಂಗಳ ಖರ್ಚು ಹೆಚ್ಚುಕಡಿಮೆ ಅಷ್ಟೇ ಅನ್ನುವುದು ಕಾಕತಾಳೀಯ, ಆದರೆ ಉಪಯುಕ್ತ ಕಾಕತಾಳೀಯ.

ಲೆಕ್ಕ ತಲೆಕೆಳಗಾಗುವ ಒಂದು ಜಾಗವೂ ಇದೆ. ಎಂಡಿಆರ್ ಸೊನ್ನೆಯಾದರೂ, ಕೋಡು ತಯಾರಿಸಿ ಹಣ ಬಂತೆಂದು ತಿಳಿಸುವ ಸೇವೆಗೆ ಪೇಮೆಂಟ್ ಕಂಪನಿ ವಹಿವಾಟಿನ ಮೇಲೆ ಶೇಕಡಾವಾರು ಶುಲ್ಕ ಕೇಳುವ ಒಪ್ಪಂದ ಮುಂದಿಡಬಹುದು. ಕಾಲು ಶೇಕಡಾ ಎಂದು ಬರೆದಿದ್ದರೆ ಓದುವಾಗ ಏನೂ ಅಲ್ಲ ಅನ್ನಿಸುತ್ತದೆ. ಹತ್ತೂವರೆ ಲಕ್ಷಕ್ಕೆ ಕಾಲು ಶೇಕಡಾ ಅಂದರೆ ₹2,625. ಕಾಗದ, ಸಾಫ್ಟ್‌ವೇರು ಎರಡೂ ಸೇರಿದ್ದಕ್ಕಿಂತ ಹೆಚ್ಚು! ಒಟ್ಟು ಖರ್ಚು ₹4,129 ಆಗಿ, ಅದು ತೀರಲು ತಿಂಗಳಿಗೆ 11ರ ಬದಲು ಮೂವತ್ತು ಬಿಲ್ಲು ತಪ್ಪುತ್ತಿರಬೇಕು. ತಿಂಗಳಿಗೆ ಇಂತಿಷ್ಟು ಎಂಬ ಬಾಡಿಗೆಗೆ ಒಪ್ಪಿ, ಶೇಕಡಾವಾರಿಗೆ ಒಪ್ಪಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಗಲ್ಲದ ಮೇಲೆ ಪುಟ್ಟ ಪರದೆಯಲ್ಲಿ ಕೋಡು ಮೂಡಿಸುವ ಸೌಂಡ್‌ಬಾಕ್ಸುಗಳೂ ಬಂದಿವೆ. ಕಾಗದ ಉಳಿಯುತ್ತದೆ, ನಿಜ. ಆದರೆ ಅದು ಬಿಲ್ಲಿಂಗ್ ಯಂತ್ರಕ್ಕೆ ಜೋಡಣೆಯಾಗಿರದಿದ್ದರೆ ಗಲ್ಲದವರು ಮೊತ್ತವನ್ನು ಮತ್ತೊಮ್ಮೆ ಕೈಯಲ್ಲಿ ಒತ್ತಬೇಕು. ಗಿರಾಕಿಯ ಬೆರಳಿನ ತಪ್ಪು ಶೆಟ್ಟರ ಬೆರಳಿಗೆ ವರ್ಗವಾಯಿತು, ಅಷ್ಟೇ. ಬಿಲ್ಲಿನ ಗುರುತೂ ಕೋಡಿನೊಳಗೆ ಬರುವುದಿಲ್ಲ. ರೈಲ್ವೆ 2024ರಲ್ಲಿ ಟಿಕೆಟ್ ಕೌಂಟರುಗಳಿಗೆ ಡೈನಾಮಿಕ್ ಕೋಡಿನ ಪರದೆಗಳನ್ನು ತಂದಾಗ ಅವು ಟಿಕೆಟ್ ಕೊಡುವ ಯಂತ್ರದ ಜೊತೆಗೇ ಕೂತವು. ದರ ಪರದೆಗೆ ಬರುತ್ತದೆ, ಹಣ ಬಂದ ಮೇಲೆ ಟಿಕೆಟ್ ಹೊರಬರುತ್ತದೆ. ಆ ಜೋಡಣೆಗೇ ಬೆಲೆ, ಪರದೆಗಲ್ಲ.

ಜೋಡಣೆ ಇಲ್ಲದ ನಕಲಿ ಡೈನಾಮಿಕ್ ಇನ್ನೊಂದಿದೆ. ಕೆಲವು ಅಗ್ಗದ ಬಿಲ್ಲಿಂಗ್ ತಂತ್ರಾಂಶಗಳು ಮಾಲೀಕರ ಸ್ವಂತ ಯುಪಿಐ ವಿಳಾಸಕ್ಕೆ ಮೊತ್ತ ಸೇರಿಸಿ ಕೋಡು ಮುದ್ರಿಸಿಬಿಡುತ್ತವೆ. ಅಂಥ ಕೋಡು ತಯಾರಿಸಲು ಬ್ಯಾಂಕನ್ನು ಕೇಳಬೇಕಾಗಿಲ್ಲ, ಇಂಟರ್‌ನೆಟ್ಟೂ ಬೇಡ, ಮೇಲಿನ ಒಂದು ಸಾಲು ಬರೆಯಲು ಬಂದರೆ ಸಾಕು. ಗಿರಾಕಿಗೆ ಮೊತ್ತ ತಾನಾಗಿ ಬರುತ್ತದೆ, ಅಷ್ಟು ಲಾಭ. ಆದರೆ ಹಣ ಬಂತೆಂಬ ಸುದ್ದಿ ಬ್ಯಾಂಕಿನಿಂದ ಬಿಲ್ಲಿಂಗ್ ಯಂತ್ರಕ್ಕೆ ಮರಳುವ ದಾರಿಯೇ ಅಲ್ಲಿಲ್ಲ. ಮತ್ತೆ ಸೌಂಡ್‌ಬಾಕ್ಸಿಗೆ ಕಿವಿಗೊಡಬೇಕು, ಮತ್ತೆ ‘ಬಂತಾ ಶೆಟ್ರೇ?’

ಸ್ಟ್ಯಾಟಿಕ್ ಕೋಡಿನ ಮೇಲಿರುವ ದೊಡ್ಡ ದೂರು ಸ್ಟಿಕ್ಕರಿನ ಮೇಲೆ ಸ್ಟಿಕ್ಕರು ಅಂಟಿಸುವ ಕಳ್ಳತನ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ರಾತ್ರೋರಾತ್ರಿ ಹಲವು ಅಂಗಡಿಗಳ, ಒಂದು ಪೆಟ್ರೋಲ್ ಪಂಪಿನ ಕೋಡುಗಳ ಮೇಲೆ ಬೇರೆಯವರ ಕೋಡು ಅಂಟಿಸಿದ್ದು ಸಿಸಿಟಿವಿಯಲ್ಲಿ ಸಿಕ್ಕಿತು. ಹಣ ಹೋಗುತ್ತಿತ್ತು, ಹೋದದ್ದು ಬೇರೆ ಖಾತೆಗೆ. ಬಿಲ್ಲಿನ ಮೇಲೆ ಮುದ್ರಣವಾಗುವ ಕೋಡಿಗೆ ಈ ಭಯವಿಲ್ಲ, ಅಂಟಿಸಲು ಗೋಡೆಯೇ ಇಲ್ಲವಲ್ಲ. ಸ್ಟ್ಯಾಟಿಕ್ ಇಟ್ಟುಕೊಂಡವರಿಗೆ ಉಪಾಯ ಸರಳ: ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನೀವೇ ಒಂದು ರೂಪಾಯಿ ಹಾಕಿ. ಸೌಂಡ್‌ಬಾಕ್ಸು ಮಾತಾಡದಿದ್ದರೆ ಮೊದಲು ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಎತ್ತಿ ನೋಡಿ.

ತೆರಿಗೆಯ ಮಾತಿಗೆ ಬಂದರೆ, ಸೂಪರ್‌ಮಾರ್ಕೆಟ್ಟಿನ ಬಿಲ್ಲಿನ ಮೇಲೆ ಕೋಡು ಬಂದದ್ದು ಗಿರಾಕಿಯ ಮೇಲಿನ ಪ್ರೀತಿಯಿಂದಲ್ಲ. ವಾರ್ಷಿಕ ವಹಿವಾಟು ₹500 ಕೋಟಿ ದಾಟಿದವರು ಸಾಮಾನ್ಯ ಗಿರಾಕಿಗೆ ಕೊಡುವ ಬಿಲ್ಲಿನ ಮೇಲೆ ಡೈನಾಮಿಕ್ ಕೋಡು ಹಾಕಬೇಕೆಂದು 2020ರ ಮಾರ್ಚಿನ ಜಿಎಸ್‌ಟಿ ಅಧಿಸೂಚನೆ ಹೇಳಿತು. ಅದು ಜಾರಿಯಾದದ್ದು ಆ ವರ್ಷದ ಡಿಸೆಂಬರ್ 1ರಿಂದ. ನಮ್ಮ ಹೋಟೆಲಿನ ವರ್ಷದ ವಹಿವಾಟು ಎಲ್ಲ ಸೇರಿ ಎರಡು ಕೋಟಿ. ನಿಯಮ ನಮ್ಮನ್ನು ಮುಟ್ಟುವುದೇ ಇಲ್ಲ.

ಆದರೆ 2025ರ ಜುಲೈಯಲ್ಲಿ ಕರ್ನಾಟಕದಲ್ಲಿ ನಡೆದದ್ದು ಮುಲುಂಡಿನವರೂ ನೆನಪಿಡಬೇಕಾದ ವಿಷಯ. ಯುಪಿಐ ಮೂಲಕ ಬಂದ ಮೊತ್ತವನ್ನು ಆಧಾರ ಮಾಡಿಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆಗೆ ₹20 ಲಕ್ಷ ಎಂಬ ನೋಂದಣಿ ಮಿತಿಯನ್ನು ಅವರು ದಾಟಿದ್ದಾರೆ ಅನ್ನುವುದು ವಾದ. ಬೆಂಗಳೂರಿನ ಎಷ್ಟೋ ಅಂಗಡಿಗಳು ಕೋಡು ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ಹಾಕಿದವು. ಒಂದೇ ಸ್ಟ್ಯಾಟಿಕ್ ಕೋಡಿಗೆ ವ್ಯಾಪಾರದ ಹಣವೂ ಬಂದಿತ್ತು, ಮನೆಯವರು ಕಳಿಸಿದ್ದೂ ಬಂದಿತ್ತು, ಕೈಸಾಲ ತೀರಿದ್ದೂ ಬಂದಿತ್ತು ಎಂದು ವ್ಯಾಪಾರಿಗಳು ಗೋಳಾಡಿದರು. ತೆರಿಗೆ ಎಷ್ಟು ಬರಬೇಕೋ ಅಷ್ಟೇ ಬರುತ್ತದೆ, ಕೋಡಿನ ಜಾತಿ ಅದನ್ನು ಬದಲಿಸದು. ಆದರೆ ಯಾವ ಜಮೆಗೆ ಬಿಲ್ಲಿನ ಗುರುತಿದೆಯೋ ಅದು ಮಾರಾಟ, ಯಾವುದಕ್ಕಿಲ್ಲವೋ ಅದನ್ನು ವಿವರಿಸಬೇಕು ಎಂದು ಬೇರ್ಪಡಿಸಿ ತೋರಿಸಲು ಡೈನಾಮಿಕ್ ಕೋಡಿನಲ್ಲಿ ದಾಖಲೆ ಇರುತ್ತದೆ. ಸ್ಟ್ಯಾಟಿಕ್ಕಿನಲ್ಲಿ ನೆನಪು ಮಾತ್ರ.

ಇಷ್ಟಾದರೂ ಗೋಡೆಯ ಸ್ಟಿಕ್ಕರನ್ನು ಕಿತ್ತುಹಾಕಿ ಎಂದು ನಾನು ಹೇಳಲಾರೆ. ನಾಲ್ವರು ಗೆಳೆಯರು ಬಂದು ಬಿಲ್ಲನ್ನು ನಾಲ್ಕು ಪಾಲು ಮಾಡಿಕೊಡುತ್ತೇವೆ ಅಂದರೆ ₹294ರ ಡೈನಾಮಿಕ್ ಕೋಡು ಕೈಕಟ್ಟಿ ಕೂರುತ್ತದೆ. ಒಂದು ಕಟಿಂಗ್ ಚಹಾಕ್ಕೆ ಬಿಲ್ಲೇ ಹರಿಯದ ಕಡೆ ಕೋಡು ಎಲ್ಲಿಂದ ಬರಬೇಕು? ಜುಲೈ ಮಳೆಯಲ್ಲಿ ಅಂಗಡಿಯ ಇಂಟರ್‌ನೆಟ್ ಕೈಕೊಟ್ಟ ದಿನ ಬ್ಯಾಂಕಿನಿಂದ ಕೋಡು ತರಿಸಿಕೊಳ್ಳುವ ಪರದೆ ಖಾಲಿ ಉಳಿಯುತ್ತದೆ, ಸ್ಟಿಕ್ಕರು ಮಾತ್ರ ಗಿರಾಕಿಯ ಫೋನಿನ ನೆಟ್ಟಿನ ಮೇಲೆಯೇ ಕೆಲಸ ಮಾಡುತ್ತದೆ. ಟೇಬಲ್ಲಿಗೂ ಪಾರ್ಸೆಲ್ಲಿಗೂ ಬಿಲ್ಲಿನ ಕೋಡು, ಚಹಾದ ಕಟ್ಟೆಗೆ ಬೇರೆ ವಿಳಾಸದ ಒಂದು ಸ್ಟಿಕ್ಕರು ಇಟ್ಟರೆ ಎರಡರ ಹಣವೂ ಬೆರೆಯುವುದಿಲ್ಲ.

ತೆಗೆದುಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆಗೆ ಎರಡು ರೂಪಾಯಿ ಖರ್ಚು. ಒಂದು ರೂಪಾಯಿಯ ಬಿಲ್ಲು ಹೊಡೆದು ಅದರ ಕೋಡಿಗೆ ಹಣ ಹಾಕಿ, ಯಾರೂ ಏನೂ ಒತ್ತದೆ ಬಿಲ್ಲಿಂಗ್ ಪರದೆಯಲ್ಲಿ ಆ ಬಿಲ್ಲು ‘ಪಾವತಿಯಾಗಿದೆ’ ಎಂದು ಬದಲಾಗುತ್ತದೆಯೇ ನೋಡಿ. ಅನಂತರ ಅದೇ ಬಿಲ್ಲನ್ನು ಇನ್ನೊಂದು ಫೋನಿನಿಂದ ಮತ್ತೆ ಸ್ಕ್ಯಾನ್ ಮಾಡಿ. ಎರಡನೇ ಸಲವೂ ಹಣ ತೆಗೆದುಕೊಂಡರೆ ಕೋಡು ಮುಚ್ಚಿಲ್ಲ ಎಂದರ್ಥ, ಎರಡು ಸಲ ಕೊಟ್ಟ ಗಿರಾಕಿಯ ಜಗಳ ನಿಮ್ಮ ಗಲ್ಲಕ್ಕೆ ಬರುತ್ತದೆ. ಮರುದಿನ ಪೇಮೆಂಟ್ ಕಂಪನಿಯಿಂದ ಜಮಾ ಪಟ್ಟಿ ತರಿಸಿ, ಆ ಒಂದು ರೂಪಾಯಿಯ ಎದುರು ನಿಮ್ಮ ಬಿಲ್ಲಿನ ನಂಬರು ಇದೆಯೇ ಹುಡುಕಿ. ಆ ಅಂಕಣ ಖಾಲಿ ಇದ್ದರೆ ತಿಂಗಳಿಗೆ ಸಾವಿರ ಕೊಡಬೇಡಿ, ಸ್ಟಿಕ್ಕರೇ ಸಾಕು.